ನಡುವೆ ನಿಲ್ಲುವ ಮಗು

ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆಯ ಇಂಗ್ಲಿಷ್ ತರಗತಿ ನಡೆಸುತ್ತಿದ್ದ ಆಕೆಯನ್ನು ಎಲ್ಲರೂ ದೊಡ್ಡ ಮೇಡಂ ಎಂದೇ ಕರೆಯುತ್ತಿದ್ದರು. ಆಳು ಕುಳ್ಳಿ. ನಡೆದರೆ ಹೆಜ್ಜೆ ಸಪ್ಪಳವೇ ಇಲ್ಲ. ಆದರೂ ಆ ಹೆಸರು ಬಂದದ್ದು, ಚಿಕ್ಕ ಮೇಡಂ ಎಂಬ ಇನ್ನೊಬ್ಬಾಕೆ ಇದ್ದುದರಿಂದ. ಈ ಚಿಕ್ಕ ಮೇಡಂ ಒಂದು ಕಾಲಕ್ಕೆ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ನಿಂತು ನಿಂತು ಕಾಲು ನೋಯಿಸಿಕೊಂಡು, ಸಂಜೆ ಇಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಕಲಿತವಳು. ಆಮೇಲೆ ಇಲ್ಲಿಯೇ ಕಲಿಸಲು ನಿಂತವಳು. ದೊಡ್ಡ ಮೇಡಂಗೆ ಅವಳು ಶಿಷ್ಯೆಯೋ ತಂಗಿಯೋ ಗೆಳತಿಯೋ ಎಂದು ಯಾರಾದರೂ ಕೇಳಿದ್ದರೆ, "ಅದನ್ನೆಲ್ಲ ಬಿಡಿಸಿ ನೋಡೋಕೆ ಪುರುಸೊತ್ತೇ ಸಿಕ್ಕಿಲ್ಲ" ಎನ್ನುತ್ತಿದ್ದರು.

ತರಗತಿಗೆ ಬರುತ್ತಿದ್ದವರು ಹಗಲೆಲ್ಲ ದುಡಿದು ಬಂದವರು: ಆಸ್ಪತ್ರೆಯ ದಾದಿಯರು, ಟ್ಯಾಕ್ಸಿ ಓಡಿಸುವವರು, ಹೋಟೆಲಿನ ಸ್ವಾಗತದ ಮೇಜಿನಲ್ಲಿ ನಿಲ್ಲುವವರು. ಪುಸ್ತಕದ ಇಂಗ್ಲಿಷ್ ಅಷ್ಟಿಷ್ಟು ಬರುತ್ತಿತ್ತು. ಅವರನ್ನು ಮುಗ್ಗರಿಸಿ ಬೀಳಿಸುತ್ತಿದ್ದುದು ಜೋಡಿ ಕ್ರಿಯಾಪದಗಳು. 'ಟರ್ನ್' ಎಂದರೆ ತಿರುಗು, 'ಆಫ್' ಎಂದರೆ ಆಚೆ. ಎರಡೂ ಸೇರಿದರೆ ದೀಪ ಆರುತ್ತದೆ. ಇದೆಲ್ಲಿಯ ನ್ಯಾಯ? 'ಲುಕ್' ಎಂದರೆ ನೋಡು, 'ಆಫ್ಟರ್' ಎಂದರೆ ಆಮೇಲೆ. ಎರಡೂ ಸೇರಿದರೆ 'ಆಮೇಲೆ ನೋಡ್ತೀನಿ' ಅಲ್ಲ, ರೋಗಿಯ ಆರೈಕೆ!

"ನಮ್ಮ ವಾರ್ಡಿನಲ್ಲಿ ಅದೂ ಇದೂ ಒಂದೇ ಮೇಡಂ" ಎಂದಿದ್ದಳು ಒಬ್ಬ ದಾದಿ. ಕೋಣೆಯೆಲ್ಲ ನಕ್ಕಿತ್ತು.

ಇದನ್ನು ಕಲಿಸಲು ದೊಡ್ಡ ಮೇಡಂ ಒಂದು ಆಟ ಹೂಡಿದ್ದರು. ಹಳೆಯ ಹತ್ತಿಯ ದುಪಟ್ಟಾ ಒಂದನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದು ನಿಲ್ಲಬೇಕು. ಒಂದು ತುದಿಯವರು 'ಟರ್ನ್', ಇನ್ನೊಂದು ತುದಿಯವರು 'ಆಫ್'. ಇಬ್ಬರೂ ಗಂಡ ಹೆಂಡತಿ.

"ಈಗ 'ದಿ ಲೈಟ್' ಅನ್ನೋ ನೆಂಟರು ಬಂದರು. ಎಲ್ಲಿ ನಿಲ್ತಾರೆ? ನೆಂಟರು ದೊಡ್ಡವರು, ಎಲ್ಲಾದ್ರೂ ನಿಲ್ಲಬಹುದು. ಆಚೆ ನಿಂತರೆ ಟರ್ನ್ ಆಫ್ ದಿ ಲೈಟ್. ನಡುವೆ ನಿಂತರೆ ಟರ್ನ್ ದಿ ಲೈಟ್ ಆಫ್. ಎರಡೂ ಸರಿ. ಆದ್ರೆ 'ಇಟ್' ಬಂತು ಅಂದ್ಕೊಳ್ಳಿ. 'ಇಟ್' ಯಾರು? ಮಗು. 'ಹಿಮ್', 'ಹರ್', 'ದೆಮ್' ಎಲ್ಲ ಮಕ್ಕಳೇ. ಮಗೂನ ಬಾಗಿಲಾಚೆ ಮಲಗಿಸ್ತೀರಾ?"

"ಇಲ್ಲ ಮೇಡಂ!"

"ಎಲ್ಲಿ ಮಲಗಿಸ್ತೀರಿ?"

"ನಡುವೆ ಮೇಡಂ! ಟರ್ನ್ ಇಟ್ ಆಫ್!"

"ಟರ್ನ್ ಆಫ್ ಇಟ್ ಅಂದ್ರೆ?"

"ಮಗು ಬೀದೀಲಿ ಅಳ್ತಾ ಇದೆ ಮೇಡಂ!"

ಕೆಲವು ಜೋಡಿಗಳು ಹೊಸದಾಗಿ ಮದುವೆಯಾದವು. 'ಲುಕ್ ಆಫ್ಟರ್', ನೋವು ಮರೆತು ಮುಂದೆ ಸಾಗುವ 'ಗೆಟ್ ಓವರ್', ದಾರಿಯಲ್ಲಿ ಎದುರಾಗುವ 'ರನ್ ಇಂಟು'. ಇವು ದುಪಟ್ಟಾ ಹಿಡಿಯುವುದಿಲ್ಲ, ಕೈಗೆ ಕೈ ಹೆಣೆದು ನಿಲ್ಲುತ್ತವೆ. ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ಅಲ್ಲಿ ಮಗುವೂ ಆಚೆಯೇ: ಲುಕ್ ಆಫ್ಟರ್ ಹಿಮ್. ಇನ್ನು ಕಾಲ ಬದಲಾದರೆ? ಗಂಡ ಮಾತ್ರ ಅಂಗಿ ಬದಲಾಯಿಸುತ್ತಾನೆ. ಟರ್ನ್, ಟರ್ನ್ಡ್, ಈಸ್ ಟರ್ನಿಂಗ್, ಹ್ಯಾಸ್ ಟರ್ನ್ಡ್. ಹೆಂಡತಿ 'ಆಫ್' ಉಟ್ಟ ಸೀರೆಯಲ್ಲೇ ನಿಂತಿರುತ್ತಾಳೆ, ಮಗುವೂ ನಿಂತಲ್ಲೇ ನಿಂತಿರುತ್ತದೆ.

"ಪಾಪ, ಅವಳಿಗೊಂದು ಹೊಸ ಸೀರೆ ಕೊಡಿಸಬಾರದಾ?" ಎಂದು ಟ್ಯಾಕ್ಸಿಯವನು ಕೇಳಿದರೆ, "ಇಂಗ್ಲಿಷಿನವರನ್ನ ಕೇಳಪ್ಪ" ಎನ್ನುತ್ತಿದ್ದಳು ಚಿಕ್ಕ ಮೇಡಂ. ದುಪಟ್ಟಾದ ಇನ್ನೊಂದು ತುದಿ ಯಾವಾಗಲೂ ಅವಳದೇ. ವರ್ಷಗಟ್ಟಲೆ ಅವಳು 'ಆಫ್' ಆಗಿ, 'ಅಪ್' ಆಗಿ, 'ಅವೇ' ಆಗಿ ನಿಂತಿದ್ದಳು.

ಬಿಡಿ ವಾಕ್ಯಗಳು ತಲೆಯಲ್ಲಿ ನಿಲ್ಲುವುದಿಲ್ಲವೆಂದು ಇಬ್ಬರೂ ಸೇರಿ ವಾರಕ್ಕೊಂದು ಪುಟ್ಟ ಕಥೆ ಕಟ್ಟುತ್ತಿದ್ದರು. ಅದಕ್ಕೊಂದು ನಿಯಮವಿತ್ತು, ದೊಡ್ಡ ಮೇಡಂ ಹಾಕಿದ್ದು: ಯಾರ ಮನೆಯ ಕಥೆಯನ್ನೂ ಬೋರ್ಡಿಗೆ ತರಬಾರದು. ದುಡಿದು ದಣಿದವರು ಮಾತು ಕಲಿಯುವ ಭರದಲ್ಲಿ ಮನೆಯ ಸಂಕಟವನ್ನೂ ಸುರಿದುಬಿಡುತ್ತಾರೆ; ನಾಳೆ ಅದೇ ಅಭ್ಯಾಸದ ವಾಕ್ಯವಾದರೆ ಅವರು ಮೆಟ್ಟಿಲು ಹತ್ತುವುದಿಲ್ಲ. ಹಾಗಾಗಿ ಕಥೆಗಳು ಸಾಧುವಾಗಿರುತ್ತಿದ್ದವು. ಕಳೆದುಹೋದ ಛತ್ರಿ, ಮೊಂಡು ಗಡಿಯಾರ, ಊಟ ಬಿಟ್ಟ ಬೆಕ್ಕು.

ಅಂಥ ಒಂದು ಮಧ್ಯಾಹ್ನ ಕಥೆಯೇನೂ ಹೊಳೆಯದೆ ಕೂತಿದ್ದಾಗ ಚಿಕ್ಕ ಮೇಡಂ ಚಹಾ ಮಾಡಲೆಂದು ದೊಡ್ಡ ಮೇಡಂ ಮನೆಯ ಅಡುಗೆಮನೆಗೆ ಹೋದವಳು, ಸಕ್ಕರೆ ಹುಡುಕುತ್ತ ಬೇರೆ ಕಪಾಟು ತೆಗೆದುಬಿಟ್ಟಳು. ಒಳಗೆ ಮಡಿಸಿಟ್ಟ ಒಂದು ಹಳದಿ ರೇನ್‌ಕೋಟು. ಬೊಂಬೆಗೆ ಹಾಕುವಷ್ಟು ಪುಟ್ಟದು.

"ಅಕ್ಕಾ, ಇದು ಯಾರದು?"

ಮದುವೆಯಾಗದ ಹೆಂಗಸಿನ ಕಪಾಟಿನಲ್ಲಿ ಮಗುವಿನ ಬಟ್ಟೆ. ದೊಡ್ಡ ಮೇಡಂ ಏನಾದರೂ ಹೇಳಿ ಹಾರಿಸಬಹುದಿತ್ತು. ಆದರೆ ಎಷ್ಟೋ ಕಾಲದಿಂದ ಒಳಗೇ ಕೂತಿದ್ದ ಮಾತಿಗೆ ಅಂದು ಎದ್ದು ಹೊರಗೆ ಬರಬೇಕೆನಿಸಿತ್ತು.

ಅದು ಅವರ ಅಕ್ಕನ ಮಗನದು. ಹೆರಿಗೆಯಾದ ಕೂಡಲೇ ಅಕ್ಕನಿಗೆ ಕ್ಷಯ ಅಂಟಿರುವುದು ತಿಳಿಯಿತು. ಕೂಸನ್ನು ಹತ್ತಿರ ಸುಳಿಯಗೊಡಬೇಡಿ ಎಂದರು ಡಾಕ್ಟರು. ಕೂಸು ತಂಗಿಯ ಕೈಗೆ ಬಂತು. ಅಕ್ಕ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಸತ್ತು ಬದುಕಿ, ಮೈಯಲ್ಲಿ ಮತ್ತೆ ರಕ್ತ ತುಂಬಿಕೊಂಡು ಬರುವ ಹೊತ್ತಿಗೆ ಹುಡುಗ ಓಡಾಡುತ್ತಿದ್ದ, ಮಳೆಯಿಲ್ಲದ ದಿನವೂ ರೇನ್‌ಕೋಟು ಬಿಚ್ಚಲೊಲ್ಲದೆ ಅದರಲ್ಲೇ ಮಲಗುತ್ತಿದ್ದ, ಮತ್ತು ತಂಗಿಯನ್ನು 'ಅಮ್ಮ' ಎನ್ನುತ್ತಿದ್ದ. ಅಕ್ಕ ಅವನನ್ನು ಕರೆದುಕೊಂಡು ಹೋಗುವಾಗ ಒಂದೇ ಒಂದು ಮಾತು ಬೇಡಿಕೊಂಡಿದ್ದಳು. "ಇವನು ಮೊದಲು ಅಮ್ಮ ಅಂದಿದ್ದು ನನ್ನನ್ನಲ್ಲ ಅಂತ ಇವನಿಗೆ ಯಾವತ್ತೂ ಗೊತ್ತಾಗಬಾರದು. ಅಷ್ಟು ಮಾಡು." ತಂಗಿ ಅಷ್ಟನ್ನು ಮಾಡಿದ್ದಳು. ಹುಡುಗ ಅವರನ್ನು 'ಚಿಕ್ಕಮ್ಮ' ಎನ್ನಲು ಕಲಿತ.

ಕೇಳುತ್ತ ಚಿಕ್ಕ ಮೇಡಂ ಅತ್ತಿದ್ದಳು. ಅವಳ ಚಹಾ ಆರಿ ಕೆನೆಗಟ್ಟಿತ್ತು. "ಅಕ್ಕಾ, ಇದು ನನ್ನ ಹೊಟ್ಟೇಲೇ ಇರುತ್ತೆ" ಎಂದಿದ್ದಳು.

ಮುಂದೊಂದು ದಿನ ಅವಳು ತಾಯಿಗೆ ಹುಷಾರಿಲ್ಲವೆಂದು ರಜೆ ಕೇಳಿದಳು. ದೊಡ್ಡ ಮೇಡಂ ಹಣ್ಣು ಕೊಂಡು ಅವಳ ಮನೆಗೆ ಹೋದರೆ, ತಾಯಿ ಬಾಗಿಲಲ್ಲಿ ಬಟ್ಟೆ ಹಿಂಡುತ್ತ ಗುಂಡುಕಲ್ಲಿನಂತೆ ನಿಂತಿದ್ದಳು. "ಮಗಳು ಗಾಜಿನ ಬಾಗಿಲಿನ ಹೊಸ ಇನ್‌ಸ್ಟಿಟ್ಯೂಟಿಗೆ ಸೇರಿದಳಲ್ಲ, ನಿಮಗೆ ಹೇಳಲಿಲ್ವಾ?" ಹಣ್ಣಿನ ಚೀಲವನ್ನು ಆಕೆಯ ಕೈಗೆ ಕೊಟ್ಟು ದೊಡ್ಡ ಮೇಡಂ ಹಿಂತಿರುಗಿದ್ದರು. ಒಳ್ಳೆಯ ಕಡೆ ಹೋಗುವುದು ತಪ್ಪಲ್ಲ; ಹೇಳಿ ಹೋಗಬಹುದಿತ್ತು ಎಂದು ದಾರಿಯುದ್ದಕ್ಕೂ ತಮಗೆ ತಾವೇ ಅಂದುಕೊಂಡರು. ಅಂದಿನಿಂದ ದುಪಟ್ಟಾದ ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟತೊಡಗಿದರು.

ಆ ನೋವು ಇನ್ನೂ ಹಸಿಯಾಗಿದ್ದಾಗಲೇ ಅಕ್ಕನ ಮಗ ಕೆಲಸದ ಮೇಲೆ ಈ ಊರಿಗೆ ಬಂದ. ಹೋಟೆಲಿನ ಸ್ವಾಗತದ ಮೇಜು. ಉದ್ದ ಕಾಲು, ಇಸ್ತ್ರಿ ಅಂಗಿ, ನಕ್ಕರೆ ಇನ್ನೂ ಅದೇ ಹಳದಿ ರೇನ್‌ಕೋಟಿನ ಹುಡುಗ. ಆ ಹೋಟೆಲಿನವರು ತಮ್ಮ ಹುಡುಗರನ್ನೆಲ್ಲ ಗಾಜಿನ ಬಾಗಿಲಿನ ಇನ್‌ಸ್ಟಿಟ್ಯೂಟಿಗೇ ಕಳಿಸುತ್ತಿದ್ದರು.

"ಮನೇಲೇ ಬಾವಿ ಇಟ್ಕೊಂಡು ಊರಾಚೆ ನೀರಿಗೆ ಹೋದ ಹಾಗಾಯ್ತು, ಏನ್ ಮಾಡ್ಲಿ ಚಿಕ್ಕಮ್ಮ" ಎಂದು ಅವನು ಭಾನುವಾರಗಳಂದು ಅವರ ಅಡುಗೆಮನೆಗೆ ಬಂದು ಕಾಲುಮಣೆಯ ಮೇಲೆ ಕೂತು ಪಾಠ ಒಪ್ಪಿಸುತ್ತಿದ್ದ. ಅಲ್ಲಿ ಯಾರು ಕಲಿಸುತ್ತಾರೆಂದು ಚಿಕ್ಕಮ್ಮ ಕೇಳಲಿಲ್ಲ. ಕೇಳಿದರೆ ದನಿ ನಡುಗೀತೆಂದು.

ಆ ಭಾನುವಾರ ಅವರು ಬಟಾಣಿ ಬಿಡಿಸುತ್ತಿದ್ದರು. ಅವನು ಒಂದು ಕಾಳು ಬಾಯಿಗೆ ಹಾಕಿಕೊಂಡು, "ಈ ಸಲ ಕಥೆ ಇದೆ ಚಿಕ್ಕಮ್ಮ, ಚೆನ್ನಾಗಿದೆ. ನಮ್ಮ ಹುಡುಗೀರೆಲ್ಲ ಅತ್ತುಬಿಟ್ರು" ಎಂದ. ನಂತರ ಕಣ್ಣು ಮುಚ್ಚಿ ಶುರುಮಾಡಿದ. "ಎ ವುಮನ್ ಹ್ಯಾಡ್ ಎ ಸನ್. ಷಿ ಗೇವ್ ಹಿಮ್ ಅಪ್. ಹರ್ ಸಿಸ್ಟರ್ ಟುಕ್ ಹಿಮ್ ಇನ್. ಷಿ ಬ್ರಾಟ್ ಅಪ್ ಹಿಮ್..."

"ಮಗು ಬೀದೀಲಿದೆ" ಎಂದರು ಚಿಕ್ಕಮ್ಮ. ಬಾಯಿ ಅಭ್ಯಾಸಬಲದಿಂದ ತಿದ್ದಿತು. ಕೈ ಮಾತ್ರ ಬಟಾಣಿಯ ಸಿಪ್ಪೆಯಲ್ಲಿ ನಿಂತಿತು.

"ಹಾಂ, ಬ್ರಾಟ್ ಹಿಮ್ ಅಪ್. ಮೇಡಮ್ಮೂ ಹಾಗೇ ಅಂತಾರೆ, ಮಗು ಬೀದೀಲಿದೆ ಅಂತ! ನಿಮಗೆಲ್ಲ ಒಂದೇ ಪುಸ್ತಕನಾ?" ಅವನು ನಕ್ಕು ಮುಂದುವರಿಸಿದ. "ದಿ ಬಾಯ್ ಹ್ಯಾಡ್ ಎ ಯೆಲ್ಲೋ ರೇನ್‌ಕೋಟ್. ಹಿ ನೆವರ್ ಟುಕ್ ಇಟ್ ಆಫ್. ಒನ್ ಡೇ ಹಿಸ್ ಮದರ್ ಟುಕ್ ಹಿಮ್ ಬ್ಯಾಕ್. ದಿ ಸಿಸ್ಟರ್ ಹ್ಯಾಸ್ ಪುಟ್ ದಿ ರೇನ್‌ಕೋಟ್ ಅವೇ. ಸಮ್‌ಟೈಮ್ಸ್ ಷಿ ಟೇಕ್ಸ್ ಇಟ್ ಔಟ್. ಷಿ ಹ್ಯಾಸ್ ನೆವರ್ ಗಾಟ್ ಇಟ್ ಓವರ್."

"ಗಾಟ್ ಓವರ್ ಇಟ್" ಎಂದಿತು ಅವರ ಬಾಯಿ. "ಅವರಿಬ್ಬರು ಕೈ ಬಿಡೋರಲ್ಲ. ನಡುವೆ ಯಾರೂ ಬರೋ ಹಾಗಿಲ್ಲ."

"ನಿಜವಾದ ಕಥೆಯಂತೆ. ಮೇಡಂ ಹೇಳ್ತಾನೇ ಕಣ್ಣೊರೆಸಿಕೊಂಡ್ರು. ಆದ್ರೆ ಆ ತಾಯಿ ಎಂಥವಳು ನೋಡು ಚಿಕ್ಕಮ್ಮ. ಹೆತ್ತು ಬಿಸಾಕಿ, ಬೆಳೆದ ಮೇಲೆ ಬಂದು ಎತ್ಕೊಂಡು ಹೋದಳಂತೆ. ಬೇರೆಯವರು ಕಾಯಿಸಿದ ಹಾಲಿಗೆ ತಾನು ಲೋಟ ಹಿಡಿದ ಹಾಗೆ."

ಬಟಾಣಿಯ ಬಟ್ಟಲು ಕೈಜಾರಿತು. ಕಾಳುಗಳು ಒಲೆಯ ಕೆಳಗೆಲ್ಲ ಉರುಳಿದವು. ಅವನು ಮಂಡಿಯೂರಿ ಹೆಕ್ಕುತ್ತಿದ್ದರೆ, ಅವರು ಅವನ ಬೆನ್ನನ್ನೇ ನೋಡುತ್ತ ಕೂತರು. ತಮ್ಮ ಕಥೆ ಊರ ಬಾಯಿಗೆ ಬಿದ್ದದ್ದು ಒಂದು ಉರಿ. ಅದಕ್ಕಿಂತ ದೊಡ್ಡ ಉರಿ ಆ ಒಂದು ವಾಕ್ಯ. ಗೇವ್ ಹಿಮ್ ಅಪ್. ಕೆಮ್ಮಿ ಕೆಮ್ಮಿ ರಕ್ತ ಕಾರುತ್ತ, ಆಸ್ಪತ್ರೆಯ ಗಾಜಿನಾಚೆಯಿಂದ ಕೂಸಿಗೆ ಕೈ ಬೀಸುತ್ತಿದ್ದ ಅಕ್ಕ, ಮಗನ ಬಾಯಲ್ಲೇ ಹೆತ್ತು ಬಿಸಾಕಿದವಳಾಗಿದ್ದಳು.

ಮರುದಿನ ಅವರು ಗಾಜಿನ ಬಾಗಿಲು ತಳ್ಳಿ ಒಳಗೆ ಹೋದರು. ತಂಪು ಗಾಳಿ, ನುಣ್ಣನೆಯ ನೆಲ. ಒಂದು ಕೋಣೆಯಲ್ಲಿ ಇಬ್ಬರು ಹುಡುಗಿಯರು ಹೊಚ್ಚಹೊಸ ರೇಷ್ಮೆ ದುಪಟ್ಟಾ ಹಿಡಿದು ನಿಂತಿದ್ದರು. ನಡುವೆ ಇನ್ನೊಬ್ಬಳು ತಲೆ ತಗ್ಗಿಸಿ 'ಹಿಮ್' ಆಗಿದ್ದಳು. "ಬ್ರಿಂಗ್ಸ್ ಹಿಮ್ ಅಪ್! ಈಸ್ ಬ್ರಿಂಗಿಂಗ್ ಹಿಮ್ ಅಪ್! ಬ್ರಾಟ್ ಹಿಮ್ ಅಪ್!" ಇಡೀ ಕೋಣೆ ಒಂದೇ ರಾಗದಲ್ಲಿ ಕೂಗುತ್ತಿತ್ತು. ಕೂಸನ್ನು ಸಾಕಿ ಬೆಳೆಸಿದ ಅವರ ಎಳೆಯ ವರ್ಷಗಳು ಒಂದೊಂದೇ ಕಾಲದ ಅಂಗಿ ತೊಟ್ಟು ಮೆರವಣಿಗೆ ಹೊರಟಂತಿತ್ತು.

ಬಾಗಿಲಲ್ಲಿ ಅವರನ್ನು ಕಂಡ ಚಿಕ್ಕ ಮೇಡಂ ಬಿಳಿಚಿಕೊಂಡು ಹೊರಗೆ ಬಂದಳು. "ಅಕ್ಕಾ... ಬನ್ನಿ, ಕೂತ್ಕೊಳ್ಳಿ, ನೀರು ತರಿಸ್ಲಾ?"

"ನೀರು ಕುಡಿಯೋಕೆ ಬಂದಿಲ್ಲ. ನಿನ್ನ ಹೊಟ್ಟೇಲಿ ಇಟ್ಟಿದ್ದು ಬೋರ್ಡಿಗೆ ಹೇಗೆ ಬಂತು?"

"ಹೆಸರು ಹೇಳಿಲ್ಲ ಅಕ್ಕಾ. ಎಲ್ಲಾ ಬರೀ ಅವಳು, ಅವನು. ಯಾರಿಗೆ ಗೊತ್ತಾಗುತ್ತೆ? ಇಲ್ಲಿ ಛತ್ರಿ ಬೆಕ್ಕು ಅಂದ್ರೆ ಫೋನ್ ನೋಡ್ಕೊಂಡು ಕೂತಿರ್ತಾರೆ. ಮನಸ್ಸು ತಟ್ಟೋ ಕಥೆ ಕೊಡಿ ಅಂತ ಮೇಲಿನವರು ದಿನಾ ಪ್ರಾಣ ತಿಂತಾರೆ. ಮೊದಲ ಸಲ ಇಡೀ ಕ್ಲಾಸು ಒಂದೂ ತಪ್ಪಿಲ್ಲದೆ ಹೇಳ್ತಿದೆ."

"ನನ್ನ ಅಕ್ಕ ಮಗೂನ ಯಾವತ್ತು ಕೊಟ್ಟುಬಿಟ್ಟಳೇ? ಆ 'ಗೇವ್ ಹಿಮ್ ಅಪ್' ಎಲ್ಲಿಂದ ಬಂತು?"

ಚಿಕ್ಕ ಮೇಡಂ ನೆಲ ನೋಡಿದಳು. "ಕಾಯಿಲೆ ಅಂತ ಬರೆದ್ರೆ ಅಲ್ಲಿ ಒಂದು ಬಿಡಿಸೋ ಜೋಡಿ ಸಿಗ್ತಿರ್ಲಿಲ್ಲ, ಅಕ್ಕಾ. ನಡುವೆ 'ಹಿಮ್' ಬರೋದು ಒಂದು ಬೇಕಿತ್ತು. ಹಾಕ್ದೆ."

ಕದ್ದವರನ್ನು ಬೈಯಬಹುದು, ಇವಳು ಕದ್ದದ್ದನ್ನು ಕತ್ತರಿಸಿ, ಪಾಠದ ಅಳತೆಗೆ ಹೊಲಿದಿದ್ದಳು.

"ನಿನ್ನ ಕ್ಲಾಸಿನಲ್ಲಿ ಹೋಟೆಲಿನ ಹುಡುಗ ಒಬ್ಬ ಇದ್ದಾನಲ್ಲ, ಉದ್ದನೆಯವನು?"

"ಹೌದು, ಜಾಣ. ಇವತ್ತು ಡ್ಯೂಟಿ ಅಂತ ಬಂದಿಲ್ಲ. ಯಾಕೆ?"

"ಹಿಮ್ ಅಂದ್ರೆ ಅವನೇ ಕಣೇ."

ಚಿಕ್ಕ ಮೇಡಂ ಗೋಡೆಗೆ ಒರಗಿದಳು. ಒಳಗೆ ಕೋಣೆ ಇನ್ನೂ ಕೂಗುತ್ತಿತ್ತು. "ಅಳಿಸಿಬಿಡ್ತೀನಿ ಅಕ್ಕಾ, ಇವತ್ತೇ, ಈಗಲೇ" ಎಂದಳು. ಕೈ ಹಿಡಿಯಲು ಬಂದಳು. ದೊಡ್ಡ ಮೇಡಂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಸುಲಭವಾಗಿ ಅಳಿಯುವುದು ಬೋರ್ಡು ಮಾತ್ರ ಎನ್ನುವುದು ಇಬ್ಬರಿಗೂ ಗೊತ್ತಿದ್ದ ವಿಷಯವೇ.

ಮುಂದಿನ ಭಾನುವಾರ ಹುಡುಗ ಬಂದಾಗ ಚಪ್ಪಲಿ ಬಿಡುವ ಮೊದಲೇ ಹೇಳಿದ. "ಆ ಕಥೆ ನಿಂತೋಯ್ತು ಚಿಕ್ಕಮ್ಮ. ಮೇಡಂ ಈಗ ಬೆಕ್ಕಿನ ಕಥೆ ಶುರುಮಾಡಿದ್ದಾರೆ. ಯಾಕೋ ನನ್ನ ಮುಖ ನೋಡೋದನ್ನೂ ನಿಲ್ಲಿಸಿದ್ದಾರೆ."

"ಹೋಗಲಿ ಬಿಡು."

"ಆದ್ರೆ ಮನೆಗೆ ಕೊಟ್ಟಿದ್ದು ಒಂದು ಅಭ್ಯಾಸ ಬಾಕಿ ಇತ್ತು. ಕಥೆನ ನಮಗೇ ಆದ ಹಾಗೆ ಹೇಳಬೇಕು, 'ಹಿಮ್' ಇದ್ದಲ್ಲಿ 'ಮಿ'. ಬಸ್ಸಿನಲ್ಲಿ ಹೇಳಿಕೊಂಡು ಬಂದೆ. ಕೇಳ್ತೀಯಾ?"

ಬೇಡ ಎನ್ನಲು ಅವರಿಗೆ ಕಾರಣ ಸಿಗಲಿಲ್ಲ. ಅವನು ಕಾಲುಮಣೆಯ ಮೇಲೆ ಕೂತು ಮೆಲ್ಲಗೆ ಹೇಳಿದ. "ಮೈ ಮದರ್ ಗೇವ್ ಮಿ ಅಪ್. ಹರ್ ಸಿಸ್ಟರ್ ಟುಕ್ ಮಿ ಇನ್. ಷಿ ಬ್ರಾಟ್ ಮಿ ಅಪ್. ಐ ಹ್ಯಾಡ್ ಎ ಯೆಲ್ಲೋ ರೇನ್‌ಕೋಟ್..." ಈ ಸಲ ಒಂದೂ ತಪ್ಪಿರಲಿಲ್ಲ. ಮಗು ಎಲ್ಲೆಲ್ಲೂ ನಡುವೆಯೇ ಇತ್ತು. ಐ ನೆವರ್ ಟುಕ್ ಇಟ್ ಆಫ್ ಎಂದವನು ನಿಲ್ಲಿಸಿದ.

"ಬಸ್ಸಿನಲ್ಲಿ ಇದನ್ನ ಹೇಳ್ತಾ ಹೇಳ್ತಾ ಪ್ಲಾಸ್ಟಿಕ್ ವಾಸನೆ ಬಂತು ಚಿಕ್ಕಮ್ಮ. ಬೆವರಿಗೆ ಕತ್ತಿಗೆ ಅಂಟಿಕೊಳ್ಳುತ್ತಲ್ಲ, ಹಾಗೆ. ಯಾರೋ ಬಿಚ್ಚೋಕೆ ಬಂದ್ರೆ ನಾನು ಕಿರುಚ್ತಾ ಇದ್ದ ಹಾಗೆ." ಅವನು ತಲೆಯೆತ್ತಿದ. "ಆ ರೇನ್‌ಕೋಟು ಈ ಮನೇಲಿ ಇದೆಯಾ?"

ಇಲ್ಲ ಎಂದರೆ ಅಕ್ಕನಿಗೆ ಕೊಟ್ಟ ಮಾತು ಉಳಿಯುತ್ತಿತ್ತು. ಆದರೆ ಬಿಸಾಕಿದ ತಾಯಿಯೂ ಅವನ ತಲೆಯಲ್ಲಿ ಹಾಗೆಯೇ ಉಳಿಯುತ್ತಿದ್ದಳು. ಅವರು ಎದ್ದು ಕಪಾಟು ತೆಗೆದರು.

ಅವನು ಅದನ್ನು ಮುಟ್ಟಲಿಲ್ಲ. ಅವರೇ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದರು. "ಮೊದಲನೇ ವಾಕ್ಯ ಸುಳ್ಳು ಕಣೋ. ನಿನ್ನಮ್ಮ ನಿನ್ನ ಬಿಟ್ಟುಕೊಡಲಿಲ್ಲ. ಕಾಯಿಲೆ ನಿನಗೆ ತಗಲಬಾರದು ಅಂತ ಎದೆ ಕಲ್ಲು ಮಾಡಿಕೊಂಡು ದೂರ ಇದ್ದಳು. ಗಾಜಿಗೆ ಕೈ ಒತ್ತಿ ಹಿಡಿದು ನಿಲ್ತಿದ್ದಳು. ನಾನು ನಿನ್ನ ಅಂಗೈ ಈ ಕಡೆಯಿಂದ ಅಲ್ಲಿಗೇ ಒತ್ತಿಸ್ತಿದ್ದೆ. ಇದನ್ನ ನಿನಗೆ ಹೇಳಬಾರದು ಅಂತ ನನ್ನ ಹತ್ರ ಮಾತು ತಗೊಂಡಿದ್ದಳು."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ಮೇಡಂಗೆ ಯಾರು ಹೇಳಿದ್ದು?"

"ನಾನೇ. ನಮ್ಮವಳು ಅಂದ್ಕೊಂಡಿದ್ದೆ."

"ಅಂದ್ರೆ ನನ್ನ ಕಥೆನ ನನಗಿಂತ ಮೊದಲು ಕ್ಲಾಸಿನವರೆಲ್ಲ ಬಾಯಿಪಾಠ ಮಾಡಿದ್ರು." ಅವನು ನಗಲು ನೋಡಿದ, ಆಗಲಿಲ್ಲ. "ನಾನೇ ಎದ್ದು ನಿಂತು ನಮ್ಮಮ್ಮನ್ನ ಬೈದೆ ಚಿಕ್ಕಮ್ಮ. ಎಲ್ಲರೆದುರು. ಎಂಥ ಹೆಂಗಸು ಅಂತ. ಎಲ್ಲರೂ ಚಪ್ಪಾಳೆ ತಟ್ಟಿದ್ರು."

ಅವರು ಕೈ ಚಾಚಿದರು. ಅವನು ಕೊಡವಲಿಲ್ಲ, ಹಿಡಿಯಲೂ ಇಲ್ಲ; ಎದ್ದು ಚಪ್ಪಲಿ ಮೆಟ್ಟಿದ. "ಅಮ್ಮನ ಹತ್ರ ಹೋಗಿ ಬರ್ತೀನಿ. ಬಂದ ಮೇಲೆ ನಿನಗೆ ಏನಂತ ಕರೀಬೇಕೋ ನೋಡ್ತೀನಿ. ಈಗ ಯಾವುದೂ ಬಾಯಿಗೆ ಬರ್ತಿಲ್ಲ." ಮೆಟ್ಟಿಲಿಳಿದು ಹೋದ. ಅವನಿಗೆಂದು ಸೋಸಿಟ್ಟಿದ್ದ ಚಹಾ ಹಾಗೆಯೇ ಕೆನೆಗಟ್ಟಿತು.

ಮರುದಿನ ಸಂಜೆ ತರಗತಿ ಎಂದಿನಂತೆ ಕೂಡಿತು. ಕೆಳಗೆ ಹೊಲಿಗೆ ಯಂತ್ರಗಳು ಕಟಕಟ ಎನ್ನುತ್ತಿದ್ದವು. ದೊಡ್ಡ ಮೇಡಂ ದುಪಟ್ಟಾದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ತಾವು ಹಿಡಿದರು.

"ಈ ವಾರ ಏನು ಕಥೆ ಮೇಡಂ?" ಎಂದಳು ಮುಂದಿನ ಬೆಂಚಿನ ದಾದಿ.

"ಛತ್ರಿದು."

"ಮತ್ತೆ ಛತ್ರಿನಾ? ಯಾರ ಛತ್ರಿ ಮೇಡಂ?"

"ಯಾರದೂ ಅಲ್ಲಮ್ಮ. ಅದಕ್ಕೇ ಅದು."

ಮೇಜಿನ ಮೇಲಿದ್ದ ಫೋನು ಗುರ್‌ಗುಟ್ಟತೊಡಗಿತು. ದಾದಿ ಬಗ್ಗಿ ನೋಡಿ ಹಿಗ್ಗಿದಳು. "ಮೇಡಂ, ಚಿಕ್ಕ ಮೇಡಂ! ಎಷ್ಟು ದಿನ ಆಯ್ತು, ಎತ್ತಿ ಮೇಡಂ, ನಾವೂ ಮಾತಾಡ್ತೀವಿ."

ಫೋನು ಮೇಜಿನ ಮೇಲೆ ನಡುಗುತ್ತ ನಡುಗುತ್ತ ಅಂಚಿನವರೆಗೆ ಸರಿಯಿತು. ದೊಡ್ಡ ಮೇಡಂ ದುಪಟ್ಟಾ ಬಿಡಲಿಲ್ಲ.

"ಅದನ್ನ ಆರಿಸಿಬಿಡಮ್ಮ" ಎಂದರು.

ದಾದಿ ಅವರ ಮುಖವನ್ನೊಮ್ಮೆ ನೋಡಿದಳು. ಮೆಲ್ಲಗೆ ಫೋನು ಕೈಗೆತ್ತಿಕೊಂಡಳು.

"ಸುಮ್ಮನೆ ಅಲ್ಲ. ಏನು ಮಾಡ್ತಾ ಇದ್ದೀಯ ಹೇಳು."

"ಐ ಆಮ್ ಟರ್ನಿಂಗ್ ಇಟ್ ಆಫ್, ಮೇಡಂ."

ಪರದೆ ಕಪ್ಪಾಯಿತು. ಕೆಳಗಿನ ಯಂತ್ರಗಳ ಸದ್ದು ಮತ್ತೆ ಕೋಣೆ ತುಂಬಿತು.

"ಆಯ್ತಾ?"

"ಐ ಹ್ಯಾವ್ ಟರ್ನ್ಡ್ ಇಟ್ ಆಫ್."

"ಸರಿಯಾಗಿದೆ" ಎಂದರು ದೊಡ್ಡ ಮೇಡಂ. "ಈಗ ಯಾರಾದ್ರೂ ಬಂದು ನಡುವೆ ನಿಂತ್ಕೊಳ್ಳಿ."